ಷೇರಿನ ಪುಸ್ತಕ ಮೌಲ್ಯ ಮತ್ತು ಮಾರುಕಟ್ಟೆ ಬೆಲೆ: ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಿ ಓದುವ ಕ್ರಮ

ಒಂದು ಷೇರಿನ ಬೆಲೆ ಎಷ್ಟು ಎಂದು ಕೇಳಿದರೆ ಮೂರು ಬೇರೆ ಬೇರೆ ಉತ್ತರಗಳು ಸಿಗಬಹುದು. ಮೊದಲನೆಯದು ಒಂದು, ಎರಡು, ಐದು ಅಥವಾ ಹತ್ತು ರೂಪಾಯಿಯ ಮುಖಬೆಲೆ. ಇದು ಷೇರು ಬಂಡವಾಳವನ್ನು ಪಾಲು ಮಾಡಲು ಇಟ್ಟುಕೊಂಡ ಅಳತೆಯೇ ಹೊರತು ಮೌಲ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲವಾದ್ದರಿಂದ ಅದನ್ನು ಇಲ್ಲಿಯೇ ಬಿಟ್ಟುಬಿಡಬಹುದು. ಎರಡನೆಯದು ಪುಸ್ತಕ ಮೌಲ್ಯ: ಕಂಪನಿಯ ಲೆಕ್ಕಪತ್ರದಲ್ಲಿರುವ ಆಸ್ತಿಗಳಿಂದ ಎಲ್ಲ ಸಾಲ ಮತ್ತು ಹೊಣೆಗಳನ್ನು ಕಳೆದು, ಉಳಿದ ಮೊತ್ತವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ. ಮೂರನೆಯದು, ಷೇರುಪೇಟೆಯಲ್ಲಿ ಆ ಹೊತ್ತಿಗೆ ಕೊಳ್ಳುವವನು ಕೊಡಲು ಮತ್ತು ಮಾರುವವನು ಪಡೆಯಲು ಒಪ್ಪಿದ ಬೆಲೆ. ಎರಡನೆಯದೂ ಮೂರನೆಯದೂ ಒಂದೇ ಆಗಿರಬೇಕು ಎಂಬ ನಿರೀಕ್ಷೆಯಿಂದ ಹೊರಟವರು, ಬೆಲೆ ಪುಸ್ತಕ ಮೌಲ್ಯಕ್ಕಿಂತ ಕೆಳಗಿದ್ದರೆ ಷೇರು ಅಗ್ಗವೆಂದೂ ಮೇಲಿದ್ದರೆ ದುಬಾರಿಯೆಂದೂ ತೀರ್ಮಾನಿಸಿಬಿಡುತ್ತಾರೆ. ಈ ಅವಸರದ ತೀರ್ಮಾನದ ಬದಲು ಅಂತರ ಎಲ್ಲಿಂದ ಬಂತು ಎಂಬುದನ್ನು ಲೆಕ್ಕಪತ್ರದ ಸಾಲುಗಳಲ್ಲೇ ಹುಡುಕುವ ಕ್ರಮವನ್ನು, ಎಲ್ಲರಿಗೂ ಪರಿಚಿತವಾದ ಕೆಲವು ಕಂಪನಿಗಳ ಪ್ರಕಟಿತ ಅಂಕಿಗಳನ್ನಿಟ್ಟುಕೊಂಡು ನೋಡೋಣ.

ಮೊದಲ ಹೆಜ್ಜೆ: ಪುಸ್ತಕ ಮೌಲ್ಯವನ್ನು ನೀವೇ ತೆಗೆಯಿರಿ

ಕಂಪನಿಯ ವಾರ್ಷಿಕ ವರದಿಯಲ್ಲಿ ಎರಡು ಬ್ಯಾಲೆನ್ಸ್ ಶೀಟ್‌ಗಳಿರುತ್ತವೆ. ಒಂದು ಆ ಕಂಪನಿಯೊಂದರದ್ದು, ಇನ್ನೊಂದು ಅಂಗಸಂಸ್ಥೆಗಳನ್ನೂ ಸೇರಿಸಿಕೊಂಡ ಕ್ರೋಡೀಕೃತ ಲೆಕ್ಕ. ನಮಗೆ ಬೇಕಾದದ್ದು ಎರಡನೆಯದು. ಅದರಲ್ಲಿ ‘ಈಕ್ವಿಟಿ ಷೇರ್ ಕ್ಯಾಪಿಟಲ್’ ಮತ್ತು ‘ಅದರ್ ಈಕ್ವಿಟಿ’ ಎಂಬ ಎರಡು ಸಾಲುಗಳನ್ನು ಕೂಡಿಸಬೇಕು. ಅವುಗಳ ಕೆಳಗೆ ‘ನಾನ್ ಕಂಟ್ರೋಲಿಂಗ್ ಇಂಟರೆಸ್ಟ್’ ಎಂಬ ಮತ್ತೊಂದು ಸಾಲು ಕಾಣಿಸಿದರೆ ಅದನ್ನು ಸೇರಿಸಬಾರದು, ಏಕೆಂದರೆ ಅದು ಅಂಗಸಂಸ್ಥೆಗಳಲ್ಲಿ ಬೇರೆಯವರಿಗೆ ಸೇರಿದ ಪಾಲು.

ಬೆಂಗಳೂರಿನ ಇನ್ಫೊಸಿಸ್‌ನ 2024ರ ಮಾರ್ಚ್ 31ರ ಕ್ರೋಡೀಕೃತ ಲೆಕ್ಕವನ್ನು ತೆಗೆದುಕೊಳ್ಳಿ. ಷೇರು ಬಂಡವಾಳ 2,071 ಕೋಟಿ ರೂಪಾಯಿ, ಇತರ ಈಕ್ವಿಟಿ 86,045 ಕೋಟಿ. ಕೂಡಿದರೆ 88,116 ಕೋಟಿ. ಷೇರಿನ ಮುಖಬೆಲೆ ಐದು ರೂಪಾಯಿಯಾದ್ದರಿಂದ ಷೇರುಗಳ ಸಂಖ್ಯೆ ಸುಮಾರು 414 ಕೋಟಿ. ಭಾಗಿಸಿದರೆ ಒಂದು ಷೇರಿನ ಪುಸ್ತಕ ಮೌಲ್ಯ ಸುಮಾರು 213 ರೂಪಾಯಿ ಬರುತ್ತದೆ. ಆ ಮಾರ್ಚ್ ಕೊನೆಗೆ ಪೇಟೆಯಲ್ಲಿ ಅದೇ ಷೇರಿನ ಬೆಲೆ ಸುಮಾರು 1,500 ರೂಪಾಯಿ ಇತ್ತು. ಅಂದರೆ ಬೆಲೆಯು ಪುಸ್ತಕ ಮೌಲ್ಯದ ಏಳು ಪಟ್ಟು.

ಭಾಗಾಕಾರ ಸುಲಭವಾದರೂ ತಪ್ಪುವುದು ಸಾಮಾನ್ಯವಾಗಿ ದಿನಾಂಕದಲ್ಲಿ. ಬೆಲೆ ಇಂದಿನದು; ಪುಸ್ತಕ ಮೌಲ್ಯ ಮಾತ್ರ ಕೊನೆಯದಾಗಿ ಪ್ರಕಟವಾದ ಬ್ಯಾಲೆನ್ಸ್ ಶೀಟಿನದು. ಪಟ್ಟಿಯಾದ ಕಂಪನಿಗಳು ಲಾಭ-ನಷ್ಟವನ್ನು ಮೂರು ತಿಂಗಳಿಗೊಮ್ಮೆ ಕೊಟ್ಟರೂ ಆಸ್ತಿ ಮತ್ತು ಹೊಣೆಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ, ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶಗಳೊಂದಿಗೆ ಕೊಟ್ಟರೆ ಸಾಕೆಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮ. ಆ ದಿನಾಂಕದ ನಂತರ ಒಂದಕ್ಕೆ ಒಂದರಂತೆ ಬೋನಸ್ ಷೇರು ಕೊಟ್ಟಿದ್ದರೆ ಷೇರುಗಳ ಸಂಖ್ಯೆ ಇಮ್ಮಡಿಯಾಗಿ, ಪೇಟೆಯ ಬೆಲೆ ಅರ್ಧಕ್ಕೆ ಹೊಂದಿಕೊಂಡಿರುತ್ತದೆ. ಹಳೆಯ ಸಂಖ್ಯೆಯಿಂದ ಭಾಗಿಸಿ ಹೊಸ ಬೆಲೆಯೊಡನೆ ಹೋಲಿಸಿದರೆ ಷೇರು ಇದ್ದಕ್ಕಿದ್ದಂತೆ ಅಗ್ಗವಾದಂತೆ ತೋರುತ್ತದೆ. ಆದ್ದರಿಂದ ಜಾಲತಾಣಗಳು ಸಿದ್ಧವಾಗಿ ಕೊಡುವ ಅನುಪಾತವನ್ನು ಒಮ್ಮೆಯಾದರೂ ಮೂಲ ಲೆಕ್ಕದೊಡನೆ ತಾಳೆ ನೋಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಪುಸ್ತಕದಲ್ಲಿ ಏನಿದೆ, ಏನಿಲ್ಲ

ಇನ್ಫೊಸಿಸ್ ಷೇರಿಗೆ ಪೇಟೆ ಏಳು ಪಟ್ಟು ಕೊಡುತ್ತಿದ್ದುದು ಏಕೆ ಎಂಬುದಕ್ಕೆ ಅರ್ಧ ಉತ್ತರ ಅದರ ಖರ್ಚಿನ ಪಟ್ಟಿಯಲ್ಲಿದೆ. 2023-24ರಲ್ಲಿ ಕಂಪನಿಯ ಆದಾಯ 1,53,670 ಕೋಟಿ ರೂಪಾಯಿ; ಅದರಲ್ಲಿ ಸಂಬಳ ಮತ್ತಿತರ ಉದ್ಯೋಗಿ ವೆಚ್ಚವೇ ಸುಮಾರು 82,600 ಕೋಟಿ. ಮೈಸೂರಿನ ಕೇಂದ್ರದಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟ ಹಣವಾಗಲಿ, ಒಬ್ಬ ಗ್ರಾಹಕನ ಕೆಲಸವನ್ನು ಹತ್ತು ವರ್ಷ ನಿಭಾಯಿಸಿದ ತಂಡ ಗಳಿಸಿಕೊಂಡ ತಿಳಿವಳಿಕೆಯಾಗಲಿ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ ಕಾಣಿಸುವುದಿಲ್ಲ. ಖರ್ಚಾದ ವರ್ಷವೇ ಅದು ಲಾಭದಿಂದ ಕಳೆದುಹೋಗುತ್ತದೆ. ಕಾರ್ಖಾನೆಯೊಂದು ನೂರು ಕೋಟಿ ಕೊಟ್ಟು ಯಂತ್ರ ಕೊಂಡರೆ ಅದು ಆಸ್ತಿಯ ಪಟ್ಟಿಗೆ ಸೇರಿ, ವರ್ಷ ವರ್ಷವೂ ಸವಕಳಿಯಾಗಿ ನಿಧಾನವಾಗಿ ಕರಗುತ್ತದೆ. ಸಾಫ್ಟ್‌ವೇರ್ ಕಂಪನಿ ಅದೇ ನೂರು ಕೋಟಿಯನ್ನು ಜನರ ಮೇಲೆ ಹಾಕಿದರೆ ಪುಸ್ತಕದಲ್ಲಿ ಅದರ ಗುರುತೇ ಉಳಿಯುವುದಿಲ್ಲ.

ಕಂಪನಿ ತಾನೇ ಬೆಳೆಸಿಕೊಂಡ ಹೆಸರು, ಗ್ರಾಹಕರ ಪಟ್ಟಿ, ಬ್ರ್ಯಾಂಡ್ ಇವುಗಳನ್ನು ಆಸ್ತಿಯೆಂದು ತೋರಿಸಬಾರದೆಂದು ನಮ್ಮ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 38 ಸ್ಪಷ್ಟವಾಗಿ ಹೇಳುತ್ತದೆ. ಈ ಕೊರತೆಯನ್ನು ತುಂಬಲು ಇನ್ಫೊಸಿಸ್ ಹಲವು ವರ್ಷಗಳ ಕಾಲ ತನ್ನ ವಾರ್ಷಿಕ ವರದಿಯಲ್ಲಿ ಮಾನವ ಸಂಪನ್ಮೂಲದ ಮತ್ತು ಬ್ರ್ಯಾಂಡಿನ ಮೌಲ್ಯವನ್ನು ಬೇರೆಯಾಗಿ ಅಂದಾಜಿಸಿ ಕೊಡುತ್ತಿತ್ತು. ಅದೊಂದು ಹೆಚ್ಚುವರಿ ಮಾಹಿತಿಯಾಗಿತ್ತೇ ಹೊರತು ಬ್ಯಾಲೆನ್ಸ್ ಶೀಟಿನ ಒಂದು ರೂಪಾಯಿಯೂ ಅದರಿಂದ ಬದಲಾಗುತ್ತಿರಲಿಲ್ಲ.

ಇದಕ್ಕೊಂದು ವಿಚಿತ್ರವಾದ ಹಿಮ್ಮುಖವೂ ಉಂಟು. ತಾನು ಕಟ್ಟಿದ ಹೆಸರಿಗೆ ಬೆಲೆಯಿಲ್ಲ. ಬೇರೆಯವರು ಕಟ್ಟಿದ ಹೆಸರನ್ನು ದುಡ್ಡು ಕೊಟ್ಟು ಕೊಂಡರೆ ಬೆಲೆಯಿದೆ. ಇನ್ನೊಂದು ಕಂಪನಿಯನ್ನು ಅದರ ನಿವ್ವಳ ಆಸ್ತಿಗಿಂತ ಹೆಚ್ಚು ಕೊಟ್ಟು ಖರೀದಿಸಿದಾಗ ಆ ಹೆಚ್ಚುವರಿ ಹಣ ‘ಗುಡ್‌ವಿಲ್’ ಎಂಬ ಹೆಸರಿನಲ್ಲಿ ಆಸ್ತಿಯ ಕಡೆ ಬಂದು ಕೂರುತ್ತದೆ. ಇನ್ಫೊಸಿಸ್‌ನ ಮೇಲಿನ ಲೆಕ್ಕದಲ್ಲೇ ಗುಡ್‌ವಿಲ್ ಸುಮಾರು 7,300 ಕೋಟಿ, ಇತರ ಅಮೂರ್ತ ಆಸ್ತಿ ಸುಮಾರು 1,400 ಕೋಟಿ ಇದೆ. ಎರಡನ್ನೂ ಕಳೆದರೆ 213 ರೂಪಾಯಿಯ ಪುಸ್ತಕ ಮೌಲ್ಯ ಸುಮಾರು 192ಕ್ಕೆ ಇಳಿಯುತ್ತದೆ. ಇಲ್ಲಿ ವ್ಯತ್ಯಾಸ ಸಣ್ಣದು. ಆದರೆ ಸಾಲ ಮಾಡಿ ಮೇಲಿಂದ ಮೇಲೆ ಕಂಪನಿಗಳನ್ನು ಕೊಂಡ ಸಂಸ್ಥೆಗಳಲ್ಲಿ ಗುಡ್‌ವಿಲ್ ಕಳೆದ ಮೇಲೆ ಏನೂ ಉಳಿಯದಿರುವುದೂ ಉಂಟು. ಅಂಥ ಕಡೆ ಬೆಲೆ ಪುಸ್ತಕ ಮೌಲ್ಯಕ್ಕಿಂತ ಕಡಿಮೆಯಿದೆ ಎಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಕೊಂಡ ವ್ಯವಹಾರ ನಿರೀಕ್ಷೆಯಂತೆ ನಡೆಯದಿದ್ದರೆ ಆ ಗುಡ್‌ವಿಲ್ಲನ್ನು ಒಂದು ದಿನ ನಷ್ಟವೆಂದು ಬರೆದುಹಾಕಬೇಕಾಗುತ್ತದೆ. ಪೇಟೆ ಅದನ್ನು ಮೊದಲೇ ಬರೆದುಹಾಕಿ ಕುಳಿತಿರುತ್ತದೆ.

ಜಮೀನಿನ ಸಂಗತಿ ಇದಕ್ಕೆ ವಿರುದ್ಧ ದಿಕ್ಕಿನದು. ದಶಕಗಳ ಹಿಂದೆ ಊರ ಹೊರಗೆ ಎಕರೆಗೆ ಕೆಲವೇ ಸಾವಿರ ರೂಪಾಯಿ ಕೊಟ್ಟು ಕೊಂಡ ಕಾರ್ಖಾನೆಯ ನೆಲ ಇಂದು ಊರ ನಡುವೆ ಇರಬಹುದು. ಕಂಪನಿ ಮರುಮೌಲ್ಯಮಾಪನದ ಮಾರ್ಗವನ್ನು ಆಯ್ದುಕೊಳ್ಳದಿದ್ದರೆ ಪುಸ್ತಕದಲ್ಲಿ ಅದು ಕೊಂಡ ಬೆಲೆಯಲ್ಲೇ ಇರುತ್ತದೆ. ಸ್ಥಿರಾಸ್ತಿಯ ಟಿಪ್ಪಣಿಯಲ್ಲಿ ‘ಫ್ರೀಹೋಲ್ಡ್ ಲ್ಯಾಂಡ್’ ಎಂಬ ಸಾಲನ್ನೂ, ಅದರ ಲೆಕ್ಕ ವೆಚ್ಚದ ಆಧಾರದ್ದೇ ಮರುಮೌಲ್ಯಮಾಪನದ್ದೇ ಎಂಬ ವಿವರಣೆಯನ್ನೂ ಒಟ್ಟಿಗೆ ಓದಬೇಕು. ಹಾಗೆ ಸಿಕ್ಕ ನೆಲದ ಬೆಲೆಯನ್ನು ಮನಸ್ಸಿನಲ್ಲೇ ಗುಣಿಸಿ ಸಂತೋಷಪಡುವ ಮುನ್ನ, ಕಂಪನಿ ಅದನ್ನು ಮಾರುವ ಉದ್ದೇಶ ಹೊಂದಿದೆಯೇ ಎಂದು ಕೇಳಿಕೊಳ್ಳುವುದು ವಿವೇಕ.

ಮೂರನೆಯ ಹೆಜ್ಜೆ: ಪುಸ್ತಕದ ಹಣ ಎಷ್ಟು ದುಡಿಯುತ್ತಿದೆ ಎಂದು ನೋಡಿ

ಉತ್ತರದ ಉಳಿದ ಅರ್ಧ ಇಲ್ಲಿದೆ; ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಕೀಲಿಯೂ ಇದೇ. ಪುಸ್ತಕ ಮೌಲ್ಯ ಹಿಂದಿನದನ್ನು ಹೇಳುತ್ತದೆ: ಷೇರುದಾರರು ಹಾಕಿದ ಹಣ ಎಷ್ಟು, ಹಂಚದೆ ಉಳಿಸಿಕೊಂಡ ಲಾಭ ಎಷ್ಟು ಎಂಬುದನ್ನು. ಪೇಟೆ ಬೆಲೆ ಕಟ್ಟುವುದು ಆ ಹಣ ಮುಂದೆ ಎಷ್ಟು ದುಡಿದೀತು ಎಂಬುದಕ್ಕೆ. ಆದ್ದರಿಂದ ನಿವ್ವಳ ಲಾಭವನ್ನು ಷೇರುದಾರರ ಒಟ್ಟು ಈಕ್ವಿಟಿಯಿಂದ ಭಾಗಿಸಿ ಗಳಿಕೆಯ ದರವನ್ನು ತೆಗೆಯಬೇಕು.

ಇನ್ಫೊಸಿಸ್‌ನ 2023-24ರ ನಿವ್ವಳ ಲಾಭ 26,233 ಕೋಟಿ. ಅದನ್ನು 88,116 ಕೋಟಿಯಿಂದ ಭಾಗಿಸಿದರೆ ಸುಮಾರು ಶೇ. 30 ಬರುತ್ತದೆ. ಒಂದು ಷೇರಿಗೆ ಹೇಳುವುದಾದರೆ 213 ರೂಪಾಯಿಯ ಪುಸ್ತಕ ಮೌಲ್ಯ ವರ್ಷಕ್ಕೆ 63 ರೂಪಾಯಿಗೂ ಸ್ವಲ್ಪ ಹೆಚ್ಚು ದುಡಿದಿದೆ. ಶೇ. 30 ದುಡಿಯುವ ಹಣವನ್ನು ಅದರ ಮೂಲ ಬೆಲೆಗೆ ಯಾರೂ ಬಿಟ್ಟುಕೊಡುವುದಿಲ್ಲ. ಕೊಳ್ಳುವವರ ಪೈಪೋಟಿಯಲ್ಲಿ ಬೆಲೆ 1,500ಕ್ಕೆ ಏರಿದಾಗ, ಆ ಬೆಲೆಗೆ ಕೊಂಡವನ ಪಾಲಿಗೆ ಅದೇ 63 ರೂಪಾಯಿ ಸುಮಾರು ಶೇ. 4.2ರ ಗಳಿಕೆಯಾಗುತ್ತದೆ. ಮೂವತ್ತನ್ನು 4.2ರಿಂದ ಭಾಗಿಸಿ ನೋಡಿ: ಏಳು. ಬೆಲೆ ಮತ್ತು ಪುಸ್ತಕ ಮೌಲ್ಯದ ಅನುಪಾತ ಎಂದು ನಾವು ಕರೆಯುವುದು ನಿಜಕ್ಕೂ ಈ ಎರಡು ದರಗಳ ಅನುಪಾತ. ಕಂಪನಿ ತನ್ನ ಪುಸ್ತಕದ ಹಣದ ಮೇಲೆ ಗಳಿಸುವ ದರವೂ, ಹೂಡಿಕೆದಾರ ಆ ಷೇರಿನ ಮೇಲೆ ಒಪ್ಪಿಕೊಳ್ಳುವ ದರವೂ ಆಕಸ್ಮಿಕವಾಗಿ ಒಂದೇ ಆದಾಗ ಮಾತ್ರ ಪುಸ್ತಕ ಮೌಲ್ಯ ಮತ್ತು ಬೆಲೆ ಒಂದಾಗುತ್ತವೆ. ಅವು ವಿರಳವಾಗಿ ಹೊಂದುವುದಕ್ಕೆ ಮೂಲ ಕಾರಣ ಇಷ್ಟೇ.

ಇದೇ ಲೆಕ್ಕವನ್ನು ತಿರುಗಿಸಿ ನೋಡೋಣ. ಉದಾಹರಣೆಗೆ ಹೆಸರಿಲ್ಲದ ಒಂದು ಹಳೆಯ ಕಾರ್ಖಾನೆಯ ಷೇರಿನ ಪುಸ್ತಕ ಮೌಲ್ಯ 100 ರೂಪಾಯಿ, ವಾರ್ಷಿಕ ಗಳಿಕೆ ಆರು ರೂಪಾಯಿ, ಬೆಳವಣಿಗೆ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಷೇರಿನ ಅಪಾಯ ಹೊತ್ತುಕೊಳ್ಳುವವನು ಕನಿಷ್ಠ ಶೇ. 12 ಕೇಳಿದರೆ ಆ ಆರು ರೂಪಾಯಿಗೆ ಅವನು 50 ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲ. ಷೇರು ಪುಸ್ತಕ ಮೌಲ್ಯದ ಅರ್ಧಕ್ಕೆ ಸಿಗುತ್ತಿರುವುದು ಪೇಟೆಯ ಅಜ್ಞಾನವಲ್ಲ. ಅದು ನ್ಯಾಯವಾದ ಬೆಲೆ. ಇಂಥ ಕಂಪನಿ ಲಾಭವನ್ನು ಹಂಚದೆ ಮತ್ತೆ ಅದೇ ವ್ಯವಹಾರಕ್ಕೆ ಹಾಕಿದರೆ ಪುಸ್ತಕ ಮೌಲ್ಯ ವರ್ಷ ವರ್ಷ ಏರುತ್ತಲೇ ಹೋಗುತ್ತದೆ. ಆದರೆ ಉಳಿಸಿಕೊಂಡ ಪ್ರತಿ ನೂರು ರೂಪಾಯಿಗೆ ಪೇಟೆ ಕೊಡುವುದು ಐವತ್ತೇ. ಹಾಗಾಗಿ ಪುಸ್ತಕ ಮೌಲ್ಯ ಪ್ರತಿ ವರ್ಷ ಬೆಳೆಯುತ್ತಿದೆ ಎಂಬುದನ್ನೇ ಒಳ್ಳೆಯ ಗುಣವೆಂದು ಭಾವಿಸಬಾರದು.

ಷೇರು ಮರುಖರೀದಿಯಲ್ಲಿ ಈ ಗೊಂದಲ ಇನ್ನೂ ಚೆನ್ನಾಗಿ ಕಾಣುತ್ತದೆ. 2023ರ ಫೆಬ್ರುವರಿಯಲ್ಲಿ ಮುಗಿದ ಮರುಖರೀದಿಯಲ್ಲಿ ಇನ್ಫೊಸಿಸ್ ಸುಮಾರು 9,300 ಕೋಟಿ ರೂಪಾಯಿ ಖರ್ಚು ಮಾಡಿ, ಸರಾಸರಿ 1,539 ರೂಪಾಯಿಯಂತೆ ಆರು ಕೋಟಿಗೂ ಸ್ವಲ್ಪ ಹೆಚ್ಚು ಷೇರುಗಳನ್ನು ಹಿಂದಕ್ಕೆ ಪಡೆಯಿತು. ಅದಕ್ಕೆ ಮೊದಲು, 2022ರ ಮಾರ್ಚ್ ಕೊನೆಗೆ, ಷೇರಿನ ಪುಸ್ತಕ ಮೌಲ್ಯ ಸುಮಾರು 180 ರೂಪಾಯಿ ಇತ್ತು. 180 ರೂಪಾಯಿ ಪುಸ್ತಕ ಮೌಲ್ಯದ ಷೇರಿಗೆ 1,539 ಕೊಟ್ಟರೆ ಉಳಿದವರ ಪಾಲಿನ ಪುಸ್ತಕ ಮೌಲ್ಯ ಇಳಿಯಲೇಬೇಕು. ಬೇರೇನೂ ಬದಲಾಗದಿದ್ದರೆ ಈ ಒಂದು ಕ್ರಮದಿಂದಲೇ ಅದು ಸುಮಾರು 160ಕ್ಕೆ ಬರುತ್ತಿತ್ತು. ಕಂಪನಿ ಹಾಳಾಯಿತೆಂದು ಇದರ ಅರ್ಥವಲ್ಲ. ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿದ್ದ ಹಣ ಷೇರುದಾರರಿಗೆ ಹೋಯಿತು, ಲಾಭ ಬಹುಮಟ್ಟಿಗೆ ಹಾಗೆಯೇ ಉಳಿಯಿತು, ಷೇರುಗಳು ಕಡಿಮೆಯಾದವು. ಪುಸ್ತಕ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ಮರುಖರೀದಿ ನಡೆದರೆ ಮಾತ್ರ ಉಳಿದ ಷೇರುಗಳ ಪುಸ್ತಕ ಮೌಲ್ಯ ಏರುತ್ತದೆ.

ನಾಲ್ಕನೆಯ ಹೆಜ್ಜೆ: ಬೆಲೆ ಪುಸ್ತಕಕ್ಕಿಂತ ಕೆಳಗಿದ್ದರೆ ಯಾವ ಸಾಲನ್ನು ಪೇಟೆ ನಂಬುತ್ತಿಲ್ಲ?

ಬ್ಯಾಂಕುಗಳ ವಿಷಯದಲ್ಲಿ ಪುಸ್ತಕ ಮೌಲ್ಯಕ್ಕೆ ಬೇರೆಲ್ಲ ವ್ಯವಹಾರಗಳಿಗಿಂತ ಹೆಚ್ಚು ತೂಕವಿದೆ. ಅವುಗಳ ಆಸ್ತಿ ಎಂದರೆ ಯಂತ್ರವೂ ಅಲ್ಲ, ಹೆಸರೂ ಅಲ್ಲ. ಹೆಚ್ಚಿನ ಪಾಲು ಕೊಟ್ಟ ಸಾಲ ಮತ್ತು ಸರ್ಕಾರಿ ಬಾಂಡುಗಳು. ಆದರೆ ಅದೇ ಕಾರಣಕ್ಕೆ ಸಾಲಗಳ ಅಂಕಿ ಸ್ವಲ್ಪ ಜಾರಿದರೂ ಪುಸ್ತಕ ಮೌಲ್ಯ ಕುಸಿಯುತ್ತದೆ.

ಯೆಸ್ ಬ್ಯಾಂಕಿನ 2019ರ ಮಾರ್ಚ್ 31ರ ಲೆಕ್ಕದಲ್ಲಿ ಷೇರುದಾರರ ಹಣ ಸುಮಾರು 26,900 ಕೋಟಿ, ಕೊಟ್ಟ ಸಾಲ ಸುಮಾರು 2,41,500 ಕೋಟಿ ಇತ್ತು. ಷೇರಿನ ಪುಸ್ತಕ ಮೌಲ್ಯ ಸುಮಾರು 116 ರೂಪಾಯಿ, ಪೇಟೆಯ ಬೆಲೆ ಸುಮಾರು 275. ಇಲ್ಲಿ ಮಾಡಬೇಕಾದ ಲೆಕ್ಕ ಒಂದೇ: ಸಾಲವನ್ನು ಷೇರುದಾರರ ಹಣದಿಂದ ಭಾಗಿಸಬೇಕು. ಒಂಬತ್ತು ಪಟ್ಟು ಬರುತ್ತದೆ. ಅಂದರೆ ಕೊಟ್ಟ ಪ್ರತಿ ನೂರು ರೂಪಾಯಿ ಸಾಲದಲ್ಲಿ ಹತ್ತು ರೂಪಾಯಿ ಪೂರ್ತಿ ಮುಳುಗಿದರೆ, ಅದು 24,150 ಕೋಟಿಯಾಗಿ, 116 ರೂಪಾಯಿಯ ಪುಸ್ತಕ ಮೌಲ್ಯದಲ್ಲಿ ಹತ್ತು ಹನ್ನೆರಡು ರೂಪಾಯಿ ಮಾತ್ರ ಉಳಿಯುತ್ತದೆ. ಅದೇ ವರ್ಷದ ಅಕ್ಟೋಬರ್ ಆರಂಭಕ್ಕೆ ಷೇರಿನ ಬೆಲೆ ಮೂವತ್ತರ ಆಸುಪಾಸಿಗೆ ಬಿದ್ದಿತ್ತು. ಪುಸ್ತಕವನ್ನಷ್ಟೇ ನೋಡುವವನಿಗೆ ನೂರರ ಮೇಲಿನ ವಸ್ತು ಮೂವತ್ತಕ್ಕೆ ಸಿಕ್ಕಂತೆ ಕಂಡಿರಬೇಕು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕಿನ ಶಿಫಾರಸಿನ ಮೇರೆಗೆ ಹಣ ಹಿಂತೆಗೆತಕ್ಕೆ ನಿರ್ಬಂಧ ಬಿತ್ತು. ಕೆಲವೇ ದಿನಗಳಲ್ಲಿ, 2019ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲೇ 18,564 ಕೋಟಿ ರೂಪಾಯಿ ನಷ್ಟವಾಗಿದೆ ಎಂಬ ಫಲಿತಾಂಶ ಹೊರಬಂತು. ಸ್ಟೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳು ಪಾರುಮಾಡಲು ಹಾಕಿದ ಹಣಕ್ಕೆ ಪಡೆದದ್ದು ಷೇರಿಗೆ ಹತ್ತು ರೂಪಾಯಿಯಂತೆ.

ಪೇಟೆ ಎಂದೂ ತಪ್ಪುವುದಿಲ್ಲವೆಂದು ಇದರಿಂದ ಹೇಳಲಾಗದು. 2019ರ ಮಾರ್ಚ್ ಕೊನೆಗೆ ಅದೇ ಪೇಟೆ ಅದೇ ಸಾಲಗಳಿಗೆ ಪುಸ್ತಕದ ಎರಡು ಪಟ್ಟಿಗೂ ಹೆಚ್ಚು ಕೊಡುತ್ತಿತ್ತು. ಹೇಳಬಹುದಾದದ್ದು ಇಷ್ಟು: ಬ್ಯಾಂಕಿನ ಬೆಲೆ ಪುಸ್ತಕ ಮೌಲ್ಯಕ್ಕಿಂತ ಬಹಳ ಕೆಳಗೆ ಹೋದಾಗ, ವಸೂಲಾಗದ ನಿವ್ವಳ ಸಾಲದ ಮೊತ್ತವನ್ನು ಮೊದಲು ಈಕ್ವಿಟಿಯಿಂದ ಕಳೆದು ಪುಸ್ತಕ ಮೌಲ್ಯವನ್ನು ಹೊಸದಾಗಿ ತೆಗೆಯಬೇಕು. ಆಮೇಲೂ ಅಂತರ ದೊಡ್ಡದಾಗಿಯೇ ಉಳಿದರೆ, ಇನ್ನೂ ವಸೂಲಾಗದ್ದೆಂದು ಗುರುತಿಸದ ಸಾಲಗಳ ಬಗ್ಗೆ ಪೇಟೆಗೆ ಅನುಮಾನವಿದೆ ಅಥವಾ ಬ್ಯಾಂಕಿನ ಗಳಿಕೆಯ ದರವೇ ಮೇಲೆ ಹೇಳಿದ ಹಳೆಯ ಕಾರ್ಖಾನೆಯಂತೆ ಸೊರಗಿದೆ. ಎರಡನೆಯದಾದರೆ ಮೂರನೆಯ ಹೆಜ್ಜೆಯ ಲೆಕ್ಕವೇ ಅದನ್ನು ತೋರಿಸಿಕೊಡುತ್ತದೆ. ಕಾರ್ಖಾನೆಗಳಲ್ಲಾದರೆ ಇದೇ ಬಗೆಯ ಪರೀಕ್ಷೆಯನ್ನು ಗ್ರಾಹಕರಿಂದ ಬರಬೇಕಾದ ಬಾಕಿ, ಮಾರಾಟವಾಗದೆ ಉಳಿದ ದಾಸ್ತಾನು, ಅಂಗಸಂಸ್ಥೆಗಳಿಗೆ ಕೊಟ್ಟ ಸಾಲ ಇವುಗಳ ಮೇಲೆ ಮಾಡಬೇಕು.

ಆಸ್ತಿ ನಿಜವಾಗಿದ್ದರೂ ಕೈಗೆ ಬಾರದ ಪ್ರಸಂಗ

ಕೆಲವೊಮ್ಮೆ ಪುಸ್ತಕದ ಪ್ರತಿಯೊಂದು ರೂಪಾಯಿಯೂ ನಿಜವಾಗಿರುತ್ತದೆ, ಆದರೂ ಬೆಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಬೇರೆ ಕಂಪನಿಗಳ ಷೇರುಗಳನ್ನು ಇಟ್ಟುಕೊಂಡಿರುವುದೇ ಮುಖ್ಯ ವ್ಯವಹಾರವಾದ ಹೂಡಿಕೆ ಕಂಪನಿಗಳಲ್ಲಿ ಇದು ಎದ್ದು ಕಾಣುತ್ತದೆ. ಮುಂಬೈನ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ತಾನೂ ತನ್ನ ಅಂಗಸಂಸ್ಥೆಗಳೂ ಸೇರಿ ಏಷ್ಯನ್ ಪೇಂಟ್ಸ್‌ನ ಶೇ. 3ರಷ್ಟು ಷೇರುಗಳನ್ನು ಹೊಂದಿದ ಕಂಪನಿ. ಅದರ ಒಟ್ಟು ಷೇರುಗಳು ಕೇವಲ ಎರಡು ಲಕ್ಷ. ಹೀಗಾಗಿ ಪುಸ್ತಕ ಮೌಲ್ಯ ಷೇರಿಗೆ ಐದೂವರೆ ಲಕ್ಷ ರೂಪಾಯಿಗಿಂತಲೂ ಹೆಚ್ಚಾಗುತ್ತಿತ್ತು. ಷೇರುಪೇಟೆಯ ಪರದೆಯ ಮೇಲಿದ್ದ ಬೆಲೆ ಮಾತ್ರ 3 ರೂಪಾಯಿ 53 ಪೈಸೆ! ಕಂಪನಿ 2024ರಲ್ಲಿ ಕೊಟ್ಟ ಲಾಭಾಂಶವೇ ಷೇರಿಗೆ 25 ರೂಪಾಯಿ. ಲಾಭಾಂಶಕ್ಕಿಂತ ಕಡಿಮೆ ಬೆಲೆಗೆ ಷೇರು ಮಾರುವ ಮೂರ್ಖರು ಯಾರೂ ಇರಲಿಲ್ಲವಾದ್ದರಿಂದ ವ್ಯವಹಾರವೇ ನಡೆಯುತ್ತಿರಲಿಲ್ಲ. ದಿನದ ಏರಿಳಿತಕ್ಕೆ ಮಿತಿಯಿದ್ದುದರಿಂದ ಬೆಲೆ ಒಮ್ಮೆಗೇ ಮೇಲೆ ಜಿಗಿಯುವಂತೆಯೂ ಇರಲಿಲ್ಲ.

ಇಂಥ ಷೇರುಗಳಿಗೆ ಮಿತಿಯಿಲ್ಲದ ವಿಶೇಷ ಹರಾಜು ನಡೆಸಬಹುದೆಂದು ಸೆಬಿ 2024ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅಕ್ಟೋಬರ್ 29ರಂದು ಬಿಎಸ್‌ಇಯಲ್ಲಿ ಹರಾಜು ನಡೆದು ಎಲ್ಸಿಡ್ ಷೇರಿನ ಬೆಲೆ 2,25,000 ರೂಪಾಯಿಗೆ ನಿಂತಿತು, ಆ ದಿನವೇ 2,36,250ಕ್ಕೆ ಮುಟ್ಟಿತು. ಪತ್ರಿಕೆಗಳು ಮೂರೂವರೆ ರೂಪಾಯಿಯಿಂದ ಎರಡೂಕಾಲು ಲಕ್ಷಕ್ಕಾದ ಜಿಗಿತವನ್ನೇ ದೊಡ್ಡದು ಮಾಡಿದವು. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು ಬೆಲೆ ಎಲ್ಲಿ ನಿಂತಿತು ಎಂಬುದು. ಯಾವ ಮಿತಿಯೂ ಇಲ್ಲದೆ, ಆಸ್ತಿ ಏನೆಂಬುದು ಎಲ್ಲರಿಗೂ ಗೊತ್ತಿದ್ದೂ, ಕೊಳ್ಳುವವರು ಪುಸ್ತಕ ಮೌಲ್ಯದ ಅರ್ಧವನ್ನೂ ಕೊಡಲು ಒಪ್ಪಲಿಲ್ಲ. ಎಲ್ಸಿಡ್ ಷೇರು ಕೊಂಡವನು ಅದರೊಳಗಿನ ಏಷ್ಯನ್ ಪೇಂಟ್ಸ್ ಷೇರುಗಳನ್ನು ಮಾರಲಾರ. ಮಾರುವ ನಿರ್ಧಾರ ಬಹುಮತ ಹೊಂದಿದ ಪ್ರವರ್ತಕರದ್ದು. ಅವರು ಮಾರಿದರೂ ಕಂಪನಿ ಮೊದಲು ತೆರಿಗೆ ಕಟ್ಟಬೇಕು, ಉಳಿದದ್ದು ಲಾಭಾಂಶವಾಗಿ ಬಂದರೆ ಅದರ ಮೇಲೆ ಷೇರುದಾರ ಮತ್ತೆ ಕಟ್ಟಬೇಕು. ಕೈಗೆ ಬರುವುದು ಯಾವಾಗ ಎಂದು ಗೊತ್ತಿಲ್ಲದ ಹಣಕ್ಕೆ ಪೇಟೆ ಇಂದಿನ ಪೂರ್ತಿ ಬೆಲೆ ಕೊಡುವುದಿಲ್ಲ.

ಆದ್ದರಿಂದ ಹೂಡಿಕೆ ಕಂಪನಿಯೊಂದರ ಬೆಲೆ ಪುಸ್ತಕ ಮೌಲ್ಯದ ಶೇ. 40ರಲ್ಲಿ ಕಂಡರೆ, ಅದೇ ಬಗೆಯ ಬೇರೆ ಹೂಡಿಕೆ ಕಂಪನಿಗಳು ಎಷ್ಟರಲ್ಲಿವೆ, ಈ ಕಂಪನಿಯೇ ಕಳೆದ ಐದಾರು ವರ್ಷ ಎಷ್ಟರಲ್ಲಿತ್ತು ಎಂಬುದರೊಡನೆ ಹೋಲಿಸಬೇಕು. ನೂರರೊಡನೆ ಹೋಲಿಸುವುದರಿಂದ ಪ್ರಯೋಜನವಿಲ್ಲ. ಹೋಲಿಕೆ ಒಂದೇ ಬಗೆಯ ವ್ಯವಹಾರಗಳ ನಡುವೆ ಇರಬೇಕೆಂಬ ಈ ನಿಯಮ ಬ್ಯಾಂಕಿಗೂ ಸಾಫ್ಟ್‌ವೇರಿಗೂ ಕಾರ್ಖಾನೆಗೂ ಅನ್ವಯಿಸುತ್ತದೆ. ಜೊತೆಗೆ, ಇಂಥ ಷೇರನ್ನು ಕೊಳ್ಳುವ ಮುನ್ನ ದಿನಕ್ಕೆ ಎಷ್ಟು ಷೇರುಗಳು ಕೈ ಬದಲಾಗುತ್ತಿವೆ ಎಂಬುದನ್ನೂ ಷೇರುಪೇಟೆಯ ತಾಣದಲ್ಲಿ ನೋಡಿಕೊಳ್ಳಬೇಕು. ದಿನಗಟ್ಟಲೆ ವ್ಯವಹಾರವೇ ಇಲ್ಲದಿದ್ದರೆ ಪರದೆಯ ಮೇಲಿನ ಬೆಲೆಗೆ ಮಾರಬಲ್ಲೆವೆಂದು ನಂಬುವ ಹಾಗಿಲ್ಲ.